ದೇಣಿಗೆ ಕೇಳುವ ಪತ್ರ

ಫೆಬ್ರವರಿ ಮುಗಿಯುತ್ತ ಬಂದಂತೆ ಸೇವಾಸಂಸ್ಥೆಗಳ ಪತ್ರಗಳು ಮನೆಗೂ ಮೊಬೈಲಿಗೂ ಬರತೊಡಗುತ್ತವೆ. ಅಮೆರಿಕ, ಇಂಗ್ಲೆಂಡುಗಳಲ್ಲಿ ಇಂಥ ಪತ್ರಗಳ ಸುಗ್ಗಿ ಡಿಸೆಂಬರಿನಲ್ಲಿ. ನಮ್ಮಲ್ಲಿ ವರ್ಷದ ಲೆಕ್ಕ ಮುಗಿಯುವುದು ಮಾರ್ಚ್ 31ಕ್ಕೆ, ದೇಣಿಗೆ ಕೊಟ್ಟವರಿಗೆ ಸಿಗುವ ತೆರಿಗೆ ವಿನಾಯಿತಿಯ ಲೆಕ್ಕವೂ ಆ ದಿನಕ್ಕೇ ಮುಗಿಯುತ್ತದೆ. ಹೀಗೆ ಬರುವ ಪತ್ರಗಳಲ್ಲಿ ಬಹಳಷ್ಟು ಒಂದೇ ಥರ ಇರುತ್ತವೆ. ಮೇಲೊಂದು ಅಳುವ ಮುಖ, ನಡುವೆ ಕೆಂಪಕ್ಷರದಲ್ಲಿ ‘ಇನ್ನು ಮೂರೇ ದಿನ’, ಕೊನೆಗೆ ‘ನೀವು ಹೋಟೆಲಿನ ಒಂದು ಊಟಕ್ಕೆ ಕೊಡುವ ದುಡ್ಡಿನಲ್ಲಿ ಒಂದು ಜೀವ ಉಳಿಯುತ್ತದೆ’ ಎಂಬ ಮಾತು. ಓದಿದವರು ಹಣ ಕೊಟ್ಟರೂ ಮನಸ್ಸಿನಲ್ಲಿ ಒಂದು ಕಸಿವಿಸಿ ಉಳಿಯುತ್ತದೆ, ಕೊಡದಿದ್ದರಂತೂ ತಪ್ಪು ಮಾಡಿದ ಭಾವ. ಮುಂದಿನ ವರ್ಷ ಅದೇ ಲಕೋಟೆ ಬಂದಾಗ ಒಡೆಯದೆ ಪಕ್ಕಕ್ಕಿಡುತ್ತಾರೆ.

ಸಣ್ಣ ಸಂಸ್ಥೆಗಳಿಗೆ ಇಂಥ ಪತ್ರ ಬರೆದುಕೊಡುವ ಕೆಲಸದಲ್ಲಿ ನಾನಿದ್ದೇನೆ. ಓದುಗರ ಮನ ಕಲಕಬೇಕು, ಆದರೆ ಯಾರ ಮರ್ಯಾದೆಯೂ ಹೋಗಬಾರದು, ಯಾರ ಮೇಲೂ ಒತ್ತಡ ಬೀಳಬಾರದು. ಇದು ಸಾಧ್ಯವೇ ಎಂದು ಸಂಸ್ಥೆಯವರು ಕೇಳುತ್ತಾರೆ. ಸಾಧ್ಯ ಎಂಬುದಕ್ಕೆ ಒಂದೇ ಒಂದು ಪತ್ರವನ್ನು ಬಿಡಿಸಿ ತೋರಿಸುತ್ತೇನೆ.

ತುಮಕೂರು ಕಡೆಯ ಒಂದು ಸಂಸ್ಥೆ. ಗುಣವಾಗದ ಕಾಯಿಲೆಯಿಂದ ಹಾಸಿಗೆ ಹಿಡಿದವರ ಮನೆಗೇ ಹೋಗಿ ಆರೈಕೆ ಮಾಡುವುದು ಅವರ ಕೆಲಸ. ಅಲ್ಲಿನ ಹುಡುಗರು ಬರೆದಿಟ್ಟಿದ್ದ ಕರಡಿನಲ್ಲಿ ಕೆನ್ನೆಯ ಕ್ಯಾನ್ಸರ್ ಆದ ಒಬ್ಬ ಅಜ್ಜಿಯ ಕತೆ ಇತ್ತು. ‘ಹೆತ್ತ ಮಗನೂ ತಿರುಗಿ ನೋಡದ ಅನಾಥೆ’ ಎಂದು ಶುರುವಾಗಿ, ಪಕ್ಕದಲ್ಲಿ ಹುಣ್ಣಾದ ಕೆನ್ನೆಯ ಫೋಟೋ, ಅದರ ಕೆಳಗೆ ತಾಲ್ಲೂಕಿನಲ್ಲಿ ಇಂಥವರು ಎಷ್ಟು ಮಂದಿ ಎಂಬ ದೊಡ್ಡ ಅಂಕಿ.

ಒಬ್ಬರ ಕತೆಯನ್ನು ಆರಿಸಿಕೊಂಡದ್ದು ಸರಿಯಾಗಿಯೇ ಇತ್ತು. ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್ ಮತ್ತು ಪಾಲ್ ಸ್ಲೋವಿಕ್ ಎಂಬ ಅಮೆರಿಕದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಈ ಕ್ಷೇತ್ರದವರಿಗೆಲ್ಲ ಗೊತ್ತು. ಭಾಗವಹಿಸಿದವರ ಕೈಗೆ 5 ಡಾಲರ್ ಕೊಟ್ಟು, ಆಫ್ರಿಕಾದ ಹಸಿವಿನ ಬಗ್ಗೆ ಒಂದು ಮನವಿ ಓದಿಸಿದರು. ಮಾಲಿ ದೇಶದ ರೊಕಿಯಾ ಎಂಬ ಏಳು ವರ್ಷದ ಹುಡುಗಿಯ ವಿಷಯ ಓದಿದವರು ಸರಾಸರಿ 2.38 ಡಾಲರ್ ಕೊಟ್ಟರು. ಬರೀ ಅಂಕಿಅಂಶ ಓದಿದವರು ಕೊಟ್ಟದ್ದು 1.14. ರೊಕಿಯಾಳ ಕತೆಯ ಜೊತೆಗೆ ಅಂಕಿಅಂಶವನ್ನೂ ಸೇರಿಸಿ ಕೊಟ್ಟಾಗ ಸಿಕ್ಕಿದ್ದು 1.43 ಮಾತ್ರ. ಲಕ್ಷಗಟ್ಟಲೆ ಜನರ ಸಂಕಟ ಎಂದೊಡನೆ ‘ನನ್ನಿಂದ ಏನಾದೀತು’ ಎಂದು ಮನಸ್ಸು ಹಿಂದೆ ಸರಿಯುತ್ತದೆ. ಆದ್ದರಿಂದ ಆ ದೊಡ್ಡ ಅಂಕಿಯನ್ನು ಮೊದಲು ಹೊಡೆದುಹಾಕಿದೆವು. ಆದರೆ ಈ ಪ್ರಯೋಗವನ್ನು ಅರ್ಧ ಅರ್ಥ ಮಾಡಿಕೊಂಡವರೇ ಹೆಚ್ಚು ಎಂದು ನನ್ನ ಅನಿಸಿಕೆ. ಒಬ್ಬ ಮನುಷ್ಯರ ವಿಷಯ ಹೇಳಿ ಎಂದಷ್ಟೇ ಅದು ತೋರಿಸಿದ್ದು. ಅವರನ್ನು ದೀನರನ್ನಾಗಿ ತೋರಿಸಿ ಎಂದು ಅದರಲ್ಲಿ ಎಲ್ಲೂ ಇಲ್ಲ.

ಮುಂದಿನ ಹೆಜ್ಜೆ, ಪತ್ರವನ್ನು ಅಜ್ಜಿಗೇ ಓದಿ ಹೇಳುವುದು. ಇಲ್ಲಿ ಒಂದು ಸೂಕ್ಷ್ಮವಿದೆ. ವಾರವಾರ ಬಂದು ಹುಣ್ಣು ಕಟ್ಟುವ ನರ್ಸಮ್ಮನೇ ‘ನಿಮ್ಮ ವಿಷಯ ಬರೀಲಾ ಅಜ್ಜಿ’ ಎಂದು ಕೇಳಿದರೆ ಯಾರು ತಾನೇ ಬೇಡ ಅಂದಾರು? ಬೇಡ ಅಂದರೆ ಬರುವುದನ್ನೇ ನಿಲ್ಲಿಸಿಬಿಟ್ಟಾರು ಎಂಬ ಅಂಜಿಕೆ ಒಳಗೆ ಇದ್ದೇ ಇರುತ್ತದೆ. ಅದಕ್ಕಾಗಿ ಆರೈಕೆಗೆ ಸಂಬಂಧಪಡದ ಒಬ್ಬರು ಕೇಳಬೇಕು, ಮನೆಯವರ ಮುಂದೆ ಒಮ್ಮೆ, ಅವರೊಬ್ಬರೇ ಇದ್ದಾಗ ಇನ್ನೊಮ್ಮೆ. ಒಪ್ಪದಿದ್ದರೂ ನರ್ಸ್ ಬರುವುದು ತಪ್ಪುವುದಿಲ್ಲ ಎಂದು ಮೊದಲೇ ಹೇಳಬೇಕು. ಈ ಕೆಲಸಕ್ಕೆ ಊರಿನ ನಿವೃತ್ತ ಮೇಷ್ಟ್ರೊಬ್ಬರು ಒಪ್ಪಿಕೊಂಡರು. ಕರಡು ಕೇಳಿಸಿಕೊಂಡ ಅಜ್ಜಿ ಮೊದಲು ತಡೆದದ್ದು ಮಗನ ವಿಷಯವನ್ನು.

‘ಮಗ ನೋಡ್ಕಳಲ್ಲ ಅಂತ ಬರೀಬ್ಯಾಡಿ ಮೇಷ್ಟ್ರೇ. ಬೆಂಗಳೂರಲ್ಲಿ ದುಡೀತಾವ್ನೆ, ತಿಂಗಳಿಗೊಂದಪ ಬತ್ತಾನೆ. ಸೊಸೆ ನನ್ನ ಚೆನ್ನಾಗೇ ನೋಡ್ಕತಾಳೆ.’

‘ಆಯ್ತಜ್ಜಿ, ಅದನ್ನ ತೆಗೆಸ್ತೀನಿ. ಫೋಟೋ?’

‘ಮಕದ್ದು ಬ್ಯಾಡ. ವಾಸ್ನೆ ವಿಷ್ಯ ಬರ್ಕಳಿ. ಅದು ಹೋಗಿದ್ದೇ ನಂಗೆ ದೊಡ್ಡದು.’

ವಾಸನೆಯ ವಿಷಯ ಕರಡಿನಲ್ಲಿ ಇರಲೇ ಇಲ್ಲ. ಈ ಬಗೆಯ ಕ್ಯಾನ್ಸರ್ ಹುಣ್ಣಿನಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಸೇರಿಕೊಂಡು ಸಹಿಸಲಾಗದ ವಾಸನೆ ಬರುತ್ತದೆ. ನೋವಿಗಿಂತ ಅದರ ನಾಚಿಕೆಗೇ ಎಷ್ಟೋ ಮಂದಿ ಮೂಲೆ ಸೇರುತ್ತಾರೆ. ವೈದ್ಯರು ಹೇಳಿದ ಪ್ರಮಾಣದಲ್ಲಿ ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ, ತೊಳೆದ ಹುಣ್ಣಿಗೆ ಉದುರಿಸಿ ಕಟ್ಟಿದರೆ ಕೆಲವು ದಿನಗಳಲ್ಲಿ ವಾಸನೆ ಇಳಿಯುತ್ತದೆ. ಮಾತ್ರೆ ಅಗ್ಗ. ದುಬಾರಿಯಾಗುವುದು, ಅದನ್ನು ಸರಿಯಾಗಿ ಮಾಡಬಲ್ಲ ಒಬ್ಬರು ಆ ಮನೆ ತಲುಪುವುದು.

ದುಡ್ಡಿನ ಮಾತು ಅಲ್ಲಿಂದಲೇ ಶುರುವಾಗಬೇಕು. ‘150 ರೂಪಾಯಿಗೆ ಒಂದು ಡ್ರೆಸಿಂಗ್’ ಎಂದು ಬರೆಯುವುದು ಸುಲಭ. ಆದರೆ ಹಾಗೆ ಬರೆದ ಸಂಸ್ಥೆ ನರ್ಸಿನ ಸಂಬಳ ತೋರಿಸಲು ನಾಚಿಕೊಳ್ಳಬೇಕಾಗುತ್ತದೆ, ಓದುಗರೂ ಸಂಬಳವೆಂದರೆ ಪೋಲು ಎಂದುಕೊಳ್ಳುತ್ತಾರೆ. ಇಂಥ ಸಂಸ್ಥೆಯ ತಿಂಗಳ ಲೆಕ್ಕ ಹೀಗಿದೆ ಎಂದಿಟ್ಟುಕೊಳ್ಳಿ. ಇಬ್ಬರು ನರ್ಸ್‌ಗಳಿಗೆ 44,000 ರೂಪಾಯಿ, ಡ್ರೈವರಿಗೆ 16,000, ಗಾಡಿಯ ಡೀಸೆಲ್ಲು ರಿಪೇರಿಗೆ 18,000, ಔಷಧ ಮತ್ತು ಹತ್ತಿ-ಬ್ಯಾಂಡೇಜಿಗೆ 16,000, ವಾರಕ್ಕೊಮ್ಮೆ ಬರುವ ಡಾಕ್ಟರಿಗೆ 10,000, ಫೋನು, ಆಡಿಟ್, ಕಚೇರಿಗೆ 6,000. ಒಟ್ಟು 1,10,000. ದಿನಕ್ಕೆ ಎಂಟು ಮನೆಯಂತೆ ತಿಂಗಳಿಗೆ 25 ದಿನ ಹೋದರೆ 200 ಭೇಟಿ. ಒಂದು ಭೇಟಿಗೆ ಬೀಳುವುದು 550 ರೂಪಾಯಿ. ಪತ್ರದಲ್ಲಿ ಹಾಕಬೇಕಾದದ್ದು ಈ 550. ಅದರೊಳಗೆ ಸಂಬಳವೂ ಇದೆ, ಕಚೇರಿಯ ಖರ್ಚೂ ಇದೆ, ಮುಚ್ಚಿಡುವಂಥದ್ದು ಏನೂ ಉಳಿಯುವುದಿಲ್ಲ.

ಕೊನೆಗೆ ಹೊರಟ ಪತ್ರ ಇದು:

‘ಮಾನ್ಯರೇ, ನಮ್ಮ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕೆನ್ನೆಯ ಕ್ಯಾನ್ಸರ್ ಇರುವ ಅಜ್ಜಿಯೊಬ್ಬರಿದ್ದಾರೆ. ಕಾಯಿಲೆ ವಾಸಿಯಾಗುವ ಹಂತ ದಾಟಿದೆ. ಹುಣ್ಣಿನ ವಾಸನೆಗೆ ನಾಚಿ ಅವರು ಹಿತ್ತಿಲ ಕೋಣೆ ಬಿಟ್ಟು ಬರುತ್ತಿರಲಿಲ್ಲ. ನಮ್ಮ ನರ್ಸ್ ವಾರಕ್ಕೆರಡು ಸಲ ಹೋಗಿ ಹುಣ್ಣು ತೊಳೆದು ಔಷಧ ಹಾಕಿ ಕಟ್ಟುತ್ತಾರೆ. ಕಟ್ಟುವ ಬಗೆಯನ್ನು ಸೊಸೆಗೂ ಕಲಿಸಿದ್ದಾರೆ. ಈಗ ಅಜ್ಜಿ ಜಗಲಿಗೆ ಬಂದು ಕೂರುತ್ತಾರೆ, ಅವರೆಕಾಯಿ ಸುಲಿಯುತ್ತಾರೆ. ಮೊಮ್ಮಗ ಪಕ್ಕದಲ್ಲೇ ಕೂತು ಪಾಠ ಓದುತ್ತಾನೆ.

‘ಇಂಥ ಒಂದು ಭೇಟಿಗೆ ನಮಗೆ 550 ರೂಪಾಯಿ ತಗಲುತ್ತದೆ. ಇದರಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ನರ್ಸ್‌ಗಳ ಸಂಬಳ. ಮನೆಯವರಿಂದ ನಾವು ಹಣ ಪಡೆಯುವುದಿಲ್ಲ. ನಿಮಗೆ ಅನುಕೂಲವಿದ್ದು ಮನಸ್ಸಿಗೆ ಒಪ್ಪಿದರೆ, ಮುಂದಿನ ವರ್ಷದ ಭೇಟಿಗಳಿಗೆ ನೆರವಾಗಿ. ಈ ವರ್ಷ ಆಗದಿದ್ದರೆ ಅದೂ ಸರಿಯೇ. ನಿಮ್ಮ ಪೈಕಿ ಯಾರಾದರೂ ಹಾಸಿಗೆ ಹಿಡಿದಿದ್ದರೆ ನಮಗೆ ಫೋನ್ ಮಾಡಿ. ದೇಣಿಗೆ ಕೊಟ್ಟವರು, ಕೊಡದವರು ಎಂದು ನೋಡದೆ ಬರುತ್ತೇವೆ.’

ಮುಖದ ಬದಲು ಅವರೆಕಾಯಿ ಸುಲಿಯುವ ಕೈಗಳ ಫೋಟೋ ಹಾಕಿದರು. ಹೆಸರಿಲ್ಲ, ಊರಿಲ್ಲ. ಪತ್ರ ಅಜ್ಜಿಗಾಗಿ ಹಣ ಕೇಳುತ್ತಿಲ್ಲ, ‘ಮುಂದಿನ ವರ್ಷದ ಭೇಟಿಗಳಿಗೆ’ ಕೇಳುತ್ತಿದೆ ಎಂಬುದನ್ನೂ ಗಮನಿಸಬೇಕು. ಪತ್ರ ಎಲ್ಲರಿಗೂ ತಲುಪುವ ಹೊತ್ತಿಗೆ ಆ ಅಜ್ಜಿ ಇರುತ್ತಾರೋ ಇಲ್ಲವೋ ಯಾರೂ ಹೇಳಲಾರರು. ‘ನಿಮ್ಮ ಹಣ ಇವರನ್ನು ಉಳಿಸುತ್ತದೆ’ ಎಂದು ಬರೆದಿದ್ದರೆ ಅದು ಸುಳ್ಳಾಗುತ್ತಿತ್ತು. ಇವರ ಹೆಸರಿನಲ್ಲೇ ಬಂದ ಹಣವನ್ನು ಬೇರೆಯವರಿಗೆ ಬಳಸುವುದೂ ಕೊಟ್ಟವರಿಗೆ ಮಾಡಿದ ಮೋಸವಾಗುತ್ತಿತ್ತು.

ಮಕ್ಕಳ ವಿಷಯದಲ್ಲಿ ಇಷ್ಟು ಎಚ್ಚರವೂ ಸಾಲದು. ಬಾಲನ್ಯಾಯ ಕಾಯ್ದೆ, 2015ರ 74ನೇ ಕಲಮಿನ ಪ್ರಕಾರ, ರಕ್ಷಣೆ ಬೇಕಿರುವ ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೋ ಸೇರಿದಂತೆ ಗುರುತು ಸಿಗುವ ಯಾವುದನ್ನೂ ಪ್ರಕಟಿಸುವಂತಿಲ್ಲ. ತಪ್ಪಿದರೆ ಆರು ತಿಂಗಳವರೆಗೆ ಸೆರೆ, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅನಾಥಾಲಯದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೆಗೆದ ಫೋಟೋ ನಿಮ್ಮ ವಾಟ್ಸ್ಯಾಪಿಗೆ ಬಂದರೆ, ಕಳಿಸಿದವರಿಗೆ ಕಾನೂನು ಗೊತ್ತಿಲ್ಲ ಅಥವಾ ಲೆಕ್ಕಕ್ಕಿಲ್ಲ ಎಂದೇ ತಿಳಿಯಬೇಕು.

ಇನ್ನು ಮಾರ್ಚ್ 31. ಆ ದಿನ ತೆರಿಗೆ ಲೆಕ್ಕಕ್ಕೆ ಕೊನೆಯ ದಿನ ಎಂಬುದು ನಿಜ. ಹುಣ್ಣಿಗೆ ಏಪ್ರಿಲ್ 1ರಂದೂ ಔಷಧ ಬೇಕು. ಅದಕ್ಕೇ ಪತ್ರದ ಕೊನೆಯಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಹೇಳಿದೆವು: ‘80ಜಿ ಬೇಕೆನ್ನುವವರು ಮಾರ್ಚ್ 31ರೊಳಗೆ ಕಳಿಸಿ. ಬೇಡವೆನ್ನುವವರಿಗೆ ಯಾವ ದಿನವಾದರೂ ಸರಿ.’ ತೆರಿಗೆ ಉಳಿತಾಯದ ಆಸೆಯನ್ನೂ ಹಿಗ್ಗಿಸಿ ಹೇಳಬಾರದು. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ವಿನಾಯಿತಿ ಇಲ್ಲವೇ ಇಲ್ಲ. ಹಳೆಯದರಲ್ಲಿ ಇರುವವರಿಗೂ ಇಂಥ ಸಂಸ್ಥೆಗಳಿಗೆ ಕೊಟ್ಟ ಹಣದ ಅರ್ಧ ಭಾಗ ಆದಾಯದಿಂದ ಕಳೆಯುತ್ತದೆ ಅಷ್ಟೆ. ಶೇ 20ರ ಹಂತದವರು 5,500 ರೂಪಾಯಿ ಕೊಟ್ಟರೆ 2,750 ಕಳೆದು, ಸೆಸ್ ಸೇರಿ ಉಳಿಯುವ ತೆರಿಗೆ 572 ರೂಪಾಯಿ. ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ಅದೂ ಸಿಗುವುದಿಲ್ಲ.

ಪತ್ರ ಹೊರನಾಡಿನ ಕನ್ನಡಿಗರಿಗೂ ಹೋಗುತ್ತದೆ, ಅಲ್ಲೂ ಒಂದು ಸಾಲು ಬೇಕು. ಭಾರತದ ಪಾಸ್‌ಪೋರ್ಟ್ ಇರುವವರು ಎಲ್ಲೇ ಇದ್ದರೂ ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರಿಂದಾದರೆ, ಒಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆ ಕಾಯ್ದೆಯಡಿ ಅನುಮತಿ ಪಡೆದ ಸಂಸ್ಥೆ ಮಾತ್ರ ತೆಗೆದುಕೊಳ್ಳಬಹುದು. ನಮ್ಮ ಸಂಸ್ಥೆಗೆ ಆ ಅನುಮತಿ ಇರಲಿಲ್ಲ, ಪತ್ರದಲ್ಲಿ ಹಾಗೆಂದೇ ಬರೆದರು.

ಅಳುವ ಮುಖವಿಲ್ಲದೆ ಹಣ ಕಡಿಮೆ ಬಂದೀತೆಂಬ ಭಯ ಸಮಿತಿಯಲ್ಲಿ ಇತ್ತು. ಮೊದಲ ವರ್ಷ ಹಾಗಾಗಲೂಬಹುದು, ಆ ಸಾಧ್ಯತೆಯನ್ನು ಒಪ್ಪಿಕೊಂಡೇ ಇಂಥ ಪತ್ರ ಬರೆಯಬೇಕು. ಮರುವರ್ಷವೂ ಕೊಡುವವರು ಉಳಿಯುವುದು ಪತ್ರದಿಂದಾಚೆಯ ಕೆಲಸದಲ್ಲಿ. ಹಣ ಬಂದ ವಾರದೊಳಗೆ ರಸೀದಿ, ಮೇ 31ರೊಳಗೆ ದೇಣಿಗೆಯ ಪ್ರಮಾಣಪತ್ರ, ಜೂನಿನಲ್ಲಿ ಒಂದು ಪುಟದ ಲೆಕ್ಕ: ಎಷ್ಟು ಭೇಟಿ, ಎಷ್ಟು ಖರ್ಚು, ಗಾಡಿ ಕೆಟ್ಟು ಹೋಗಲಾಗದ ದಿನ ಎಷ್ಟು. ಆ ಪುಟದಲ್ಲಿ ಮತ್ತೆ ಹಣ ಕೇಳುವಂತಿಲ್ಲ. ‘ಇನ್ನು ಪತ್ರ ಕಳಿಸಬೇಡಿ’ ಎಂದವರ ಹೆಸರನ್ನು ಅದೇ ದಿನ ಪಟ್ಟಿಯಿಂದ ತೆಗೆಯುವ ಹೊಣೆಯನ್ನು ಲೆಕ್ಕಪತ್ರ ನೋಡುವ ಹುಡುಗಿಗೆ ವಹಿಸಿದ್ದಾರೆ. ತೆಗೆದಿದ್ದೇವೆಂದು ಅವಳೇ ಅವರಿಗೆ ಫೋನ್ ಮಾಡಿ ತಿಳಿಸುತ್ತಾಳೆ.