ಆಧಾರವೇ ಗೊತ್ತಿಲ್ಲದಾಗ

logₓ 16 = 2 ಎಂಬ ಸಮೀಕರಣ ಕೇಳುವುದು ಇಷ್ಟೇ: ಯಾವ ಸಂಖ್ಯೆಯ ಎರಡನೇ ಘಾತ 16? ಲಾಗರಿದಮ್ ಎಂದರೆ ಘಾತಸೂಚಿ. ಆದ್ದರಿಂದ ಇದನ್ನು x² = 16 ಎಂದು ಬರೆದುಕೊಂಡರೆ ಗಂಟು ಸಡಿಲವಾಗುತ್ತದೆ. 4 ಮತ್ತು −4 ಎರಡರ ವರ್ಗವೂ 16.

ಆದರೆ ಉತ್ತರ 4 ಒಂದೇ.

−4 ಅನ್ನು ಬಿಡುವುದಕ್ಕೆ ಗಟ್ಟಿ ಕಾರಣವಿದೆ. ಆಧಾರಸಂಖ್ಯೆಯನ್ನು ಪೂರ್ಣಾಂಕ ಘಾತಕ್ಕೆ ಮಾತ್ರವಲ್ಲ, ಅರ್ಧ, ಕಾಲು ಘಾತಗಳಿಗೂ ಏರಿಸಬೇಕಾಗುತ್ತದೆ. −4ರ ಅರ್ಧ ಘಾತವೆಂದರೆ ಅದರ ವರ್ಗಮೂಲ. ಅದು ವಾಸ್ತವ ಸಂಖ್ಯೆಗಳಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಆಧಾರ ಸದಾ ಧನಸಂಖ್ಯೆಯಾಗಿರಬೇಕು. 1 ಕೂಡ ಆಗದು, ಏಕೆಂದರೆ ಅದರ ಯಾವ ಘಾತವೂ 1 ಅನ್ನು ದಾಟುವುದಿಲ್ಲ.

ಘಾತ ಭಿನ್ನರಾಶಿಯಾದರೂ ದಾರಿ ಅದೇ. logₓ 8 = 3/2 ಎಂದಾಗ ಎರಡೂ ಬದಿಯನ್ನು 2/3 ಘಾತಕ್ಕೆ ಏರಿಸಬೇಕು: 8ರ ಘನಮೂಲ 2, ಅದರ ವರ್ಗ 4.

ವಿದ್ಯಾರ್ಥಿಗಳು ಎಡವುವುದು ಆಧಾರ ಎರಡು ಕಡೆ ಬಂದಾಗ. logₓ (x + 6) = 2 ಎಂಬುದು x² − x − 6 = 0 ಆಗಿ 3 ಮತ್ತು −2 ಕೊಡುತ್ತದೆ. −2 ಹಾಕಿ ನೋಡಿದರೆ ಎರಡೂ ಬದಿ 4. ತಾಳೆ ಸರಿಯೆಂದೇ ತೋರುತ್ತದೆ. ಆದರೂ ಆಧಾರ ಋಣವಾದ್ದರಿಂದ ಅದು ತಿರಸ್ಕೃತ. ಇದಕ್ಕಿಂತ ಸೊಗಸಾದದ್ದು logₓ (2x − 1) = 2. ಬಿಡಿಸಿದರೆ (x − 1)² = 0, ಅಂದರೆ x = 1. ಸಿಕ್ಕಿದ ಒಂದೇ ಬೆಲೆಯೂ ನಿಷಿದ್ಧ. ಈ ಸಮೀಕರಣಕ್ಕೆ ಪರಿಹಾರವೇ ಇಲ್ಲ.