ಮಳೆಗಾಲಕ್ಕೆ ಮುಂಚೆ ಟೆಂಟಿನ ಹೊಲಿಗೆ ನೋಡಿ

ಟೆಂಟ್ ಸೋರಿದಾಗ ನಾವು ಬೈಯುವುದು ಬಟ್ಟೆಯನ್ನು. ಆದರೆ ನೀರು ಸಾಮಾನ್ಯವಾಗಿ ಮೊದಲು ದಾರಿ ಮಾಡಿಕೊಳ್ಳುವುದು ಹೊಲಿಗೆಯಲ್ಲಿ. ಸೂಜಿ ಇಳಿದಲ್ಲೆಲ್ಲ ಒಂದು ತೂತು ಬಿದ್ದಿರುತ್ತದೆ. ಹಳೆಯ ಕ್ಯಾನ್ವಾಸ್ ಡೇರೆಗಳಲ್ಲಿ ಹತ್ತಿಯ ನೂಲು ನೆನೆದು ಉಬ್ಬಿ ಆ ತೂತನ್ನು ತಾನೇ ಮುಚ್ಚುತ್ತಿತ್ತು. ಈಗಿನ ಪಾಲಿಯೆಸ್ಟರ್ ನೂಲು ಹಾಗೆ ಉಬ್ಬುವುದಿಲ್ಲ. ಅದಕ್ಕೆಂದೇ ಕಾರ್ಖಾನೆಯಲ್ಲಿ ಹೊಲಿಗೆಯ ಒಳಬದಿಗೆ ತೆಳ್ಳನೆಯ ಪಾರದರ್ಶಕ ಟೇಪನ್ನು ಬಿಸಿ ಮಾಡಿ ಅಂಟಿಸಿರುತ್ತಾರೆ. ಅಟ್ಟದ ಸೆಕೆಯಲ್ಲಿ ಮಡಚಿಟ್ಟ ಟೆಂಟಿನಲ್ಲಿ ಕೆಲವು ವರ್ಷಗಳಲ್ಲೇ ಆ ಟೇಪ್ ಹಳದಿಯಾಗಿ, ಅಂಚು ಮುದುಡಿ ಎದ್ದು ಬರುತ್ತದೆ.

ಉದಾಹರಣೆಗೆ ಇಬ್ಬರು ಮಲಗುವ ಗುಮ್ಮಟಾಕಾರದ ಒಂದು ಟೆಂಟನ್ನೇ ತೆಗೆದುಕೊಳ್ಳೋಣ. ಬಳಸಿ ನಾಲ್ಕು ವರ್ಷವಾಗಿದೆ. ಜುಲೈನಲ್ಲಿ ಸಕಲೇಶಪುರದ ಕಡೆಯ ಕಾಫಿ ತೋಟದಲ್ಲಿ ಎರಡು ರಾತ್ರಿ ಕಳೆಯುವ ಯೋಜನೆ ಇದೆ. ರಿಪೇರಿಗೆ ಮೇ ತಿಂಗಳೇ ಸರಿ. ಬಿಸಿಲಿರುತ್ತದೆ, ಒಣಗಿಸಲು ತೊಂದರೆಯಿಲ್ಲ.

ಮೊದಲು ತಾರಸಿಯ ಮೇಲೆ ಟೆಂಟ್ ಕಟ್ಟಿ, ಮೇಲಿನ ಫ್ಲೈಶೀಟನ್ನು ಬಿಗಿಯಾಗಿ ಎಳೆಯಿರಿ. ಒಬ್ಬರು ಪೈಪಿನಿಂದ ಇಪ್ಪತ್ತು ನಿಮಿಷ ಮೇಲಿನಿಂದ ನೀರು ಸುರಿಯಲಿ, ಇನ್ನೊಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ. ಹೊಲಿಗೆಯ ಸಾಲಿನಲ್ಲಿ, ಹಗ್ಗ ಕಟ್ಟುವ ಕುಣಿಕೆಯ ಬುಡದಲ್ಲಿ, ಜಿಪ್ಪಿನ ತುದಿಯಲ್ಲಿ ಹನಿ ಮೂಡಿದರೆ ಅದು ಸೋರಿಕೆ, ಅಲ್ಲೇ ಪೆನ್ಸಿಲಿನಲ್ಲಿ ಗುರುತು ಹಾಕಿ. ಫ್ಲೈ ಒಳಬದಿಯ ಉದ್ದಕ್ಕೂ ಒಂದೇ ಸಮನೆ ಸಣ್ಣ ಹನಿಗಳು ಹರಡಿದ್ದರೆ ಅದು ಸೋರಿಕೆಯಲ್ಲ, ನಿಮ್ಮದೇ ಉಸಿರಿನ ತೇವ ತಣ್ಣನೆಯ ಬಟ್ಟೆಗೆ ತಾಗಿ ನೀರಾಗಿದೆ. ಮಲೆನಾಡಿನ ಮಳೆಯ ರಾತ್ರಿಯಲ್ಲಿ ಇದು ಹೇಗೂ ಆಗುತ್ತದೆ. ಎಷ್ಟು ಸೀಲರ್ ಬಳಿದರೂ ಅದು ನಿಲ್ಲುವುದಿಲ್ಲ, ಗಾಳಿ ಆಡಬೇಕು.

ಇನ್ನು ಸೀಲರ್ ವಿಚಾರ. ಹಣ ದಂಡವಾಗುವುದು ಹೆಚ್ಚಾಗಿ ಇಲ್ಲಿಯೇ. ಟೆಂಟಿನ ಬಟ್ಟೆಗೆ ಮುಖ್ಯವಾಗಿ ಎರಡು ಬಗೆಯ ಲೇಪ ಇರುತ್ತದೆ: ಪಾಲಿಯುರಿಥೇನ್ ಮತ್ತು ಸಿಲಿಕೋನ್. ಒಂದಕ್ಕೆಂದು ಮಾಡಿದ ಸೀಲರ್ ಇನ್ನೊಂದಕ್ಕೆ ಹಿಡಿಯುವುದಿಲ್ಲ. ಹೊಲಿಗೆಯ ಮೇಲೆ ಕಾರ್ಖಾನೆಯ ಟೇಪ್ ಇದ್ದರೆ ಆ ಬದಿ ಪಾಲಿಯುರಿಥೇನ್ ಎಂದೇ ತಿಳಿಯಿರಿ, ಏಕೆಂದರೆ ಸಿಲಿಕೋನಿನ ಮೇಲೆ ಆ ಟೇಪ್ ಕೂರುವುದೇ ಇಲ್ಲ. ಒಳಗೆ ಪಾಲಿಯುರಿಥೇನ್, ಹೊರಗೆ ಸಿಲಿಕೋನ್ ಇರುವ ಟೆಂಟುಗಳೂ ಇವೆ, ಅಂಥವಕ್ಕೆ ಬಳಿಯುವ ಬದಿಯನ್ನು ನೋಡಿ ಸೀಲರ್ ಆರಿಸಬೇಕು. ಅನುಮಾನವಿದ್ದರೆ ಒಂದು ಮೂಲೆಯಲ್ಲಿ ಚುಕ್ಕೆಯಷ್ಟು ಬಳಿದು, ಮರುದಿನ ಉಗುರಿನಿಂದ ಕೆರೆದು ನೋಡಿ. ಸಿಪ್ಪೆಯಂತೆ ಎದ್ದು ಬಂದರೆ ಆ ಸೀಲರ್ ಆ ಬಟ್ಟೆಗಲ್ಲ.

ನಮ್ಮ ಟೆಂಟಿನಲ್ಲಿ ಟೇಪ್ ಇದೆ, ಹಾಗಾಗಿ ಪಾಲಿಯುರಿಥೇನ್ ಸೀಲರೇ ಬೇಕು. ಫ್ಲೈಯನ್ನು ಒಳಮೈ ಮೇಲೆ ಬರುವಂತೆ ಮಗುಚಿ ಕೋಲುಗಳ ಮೇಲೆ ಹೊದಿಸಿ. ಎದ್ದ ಟೇಪನ್ನು ನಿಧಾನವಾಗಿ ಕಿತ್ತು ತೆಗೆಯಿರಿ, ಗಟ್ಟಿಯಾಗಿ ಹಿಡಿದಿರುವುದನ್ನು ಮುಟ್ಟಬೇಡಿ. ಐಸೊಪ್ರೊಪಿಲ್ ಆಲ್ಕೋಹಾಲ್ ತೋಯಿಸಿದ ಬಟ್ಟೆಯಿಂದ ಆ ಜಾಗವನ್ನು ಒರೆಸಿ ಹಳೆಯ ಅಂಟು, ಜಿಡ್ಡು ತೆಗೆದು ಒಣಗಲು ಬಿಡಿ. ನಂತರ ಚಿಕ್ಕ ಬ್ರಷ್ಷಿನಿಂದ ಹೊಲಿಗೆಯ ಎರಡೂ ಬದಿಗೆ ಸೇರಿ ಒಂದು ಸೆಂಟಿಮೀಟರ್ ಅಗಲದಲ್ಲಿ ತೆಳ್ಳಗೆ ಬಳಿಯಿರಿ. ಬ್ರಷ್ಷನ್ನು ಸ್ವಲ್ಪ ಒತ್ತಿ ಉಜ್ಜಿದರೆ ದ್ರವ ಸೂಜಿ ತೂತಿನೊಳಗೆ ಇಳಿಯುತ್ತದೆ. ಬಟ್ಟೆ ಬಿಗಿಯಾಗಿ ಎಳೆದಿರುವಾಗಲೇ ಬಳಿಯಬೇಕು. ಆಗ ತೂತುಗಳು ಮಳೆಯಲ್ಲಿ ಇರುವಷ್ಟೇ ತೆರೆದಿರುತ್ತವೆ. ರಾತ್ರಿಯಿಡೀ ಹಾಗೇ ಬಿಟ್ಟು, ಒಣಗಿದ ಮೇಲೆ ಟಾಲ್ಕಂ ಪೌಡರ್ ಸವರಿ. ಇಲ್ಲದಿದ್ದರೆ ಮಡಚಿದಾಗ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಸಿಲಿಕೋನ್ ಬಟ್ಟೆಯಾಗಿದ್ದರೆ ಶುದ್ಧ ಸಿಲಿಕೋನ್ ಸೀಲೆಂಟನ್ನು ಅದರ ಮೂರು ಪಾಲು ಮಿನರಲ್ ಟರ್ಪಂಟೈನಿನಲ್ಲಿ ಕರಗಿಸಿ ಹೀಗೆಯೇ ಬಳಿಯಬಹುದು. ವಾಸನೆ ತೀಕ್ಷ್ಣ, ಬಯಲಿನಲ್ಲೇ ಮಾಡಿ, ಹತ್ತಿರ ಬೆಂಕಿ ಇರಕೂಡದು.

ಬಟ್ಟೆಯ ಹೊರಮೈಗೆ ಬೇರೆಯೇ ಚಿಕಿತ್ಸೆ. ಹೊಸ ಟೆಂಟಿನ ಮೇಲೆ ನೀರು ಮುತ್ತಿನಂತೆ ಉರುಳಿ ಜಾರುತ್ತದೆ. ಆ ಗುಣ ಬಿಸಿಲಿಗೂ ತಿಕ್ಕಾಟಕ್ಕೂ ಸವೆದರೆ ಬಟ್ಟೆ ನೀರು ಕುಡಿದು ಕಡುಬಣ್ಣಕ್ಕೆ ತಿರುಗುತ್ತದೆ. ಒಳಲೇಪ ಚೆನ್ನಾಗಿದ್ದರೆ ಆಗಲೂ ನೀರು ಒಳಗೆ ಬರುವುದಿಲ್ಲ. ಆದರೆ ಫ್ಲೈ ಭಾರವಾಗಿ ಜೋತು, ಒಳಟೆಂಟಿಗೆ ತಾಗಿ ಅದನ್ನು ತೋಯಿಸುತ್ತದೆ. ಆಗ ಉಗುರುಬೆಚ್ಚಗಿನ ನೀರು, ಸ್ಪಂಜು ಬಳಸಿ ಕೈಯಿಂದ ತೊಳೆಯಿರಿ. ವಾಷಿಂಗ್ ಮೆಷಿನ್ ಬೇಡ. ಡಿಟರ್ಜೆಂಟ್ ಪುಡಿಯೂ ಬೇಡ, ಅದರ ಶೇಷವೇ ನೀರನ್ನು ಎಳೆದುಕೊಳ್ಳುತ್ತದೆ. ಟೆಂಟಿಗೆಂದೇ ಸಿಗುವ ಜಲನಿರೋಧಕ ಸ್ಪ್ರೇಗಳಲ್ಲಿ ಕೆಲವನ್ನು ಒದ್ದೆ ಬಟ್ಟೆಗೇ ಹೊಡೆಯಬೇಕು, ಡಬ್ಬಿಯ ಮೇಲೆ ಓದಿಕೊಳ್ಳಿ. ಹೆಚ್ಚಾದದ್ದನ್ನು ಕೆಲವು ನಿಮಿಷದ ನಂತರ ಒದ್ದೆ ಬಟ್ಟೆಯಿಂದ ಒರೆಸಿ ತೆಗೆದು, ನೆರಳಲ್ಲಿ ಒಣಗಿಸಿ.

ಈ ಎಲ್ಲಕ್ಕೂ ಮುಂಚೆ ಫ್ಲೈ ಒಳಮೈಯನ್ನು ಅಂಗೈಯಿಂದ ಮುಟ್ಟಿ ನೋಡಿ. ಜಿಗುಟಾಗಿ, ಹುಳಿ ವಾಸನೆ ಬರುತ್ತಾ, ಚೂರುಚೂರಾಗಿ ಉದುರುತ್ತಿದ್ದರೆ ಲೇಪ ತೇವದಿಂದಲೇ ಕೊಳೆತಿದೆ. ಅಂಗೈಯಗಲದ ಜಾಗವಾದರೆ ಕೆರೆದು ಮತ್ತೆ ಬಳಿಯಬಹುದು. ಇಡೀ ಫ್ಲೈ ಹಾಗಾಗಿದ್ದರೆ ಸೀಲರಿಗೆ ದುಡ್ಡು ಹಾಕಬೇಡಿ, ಹೊಸ ಫ್ಲೈ ಕೊಳ್ಳಿ.

ನೆಲದ ಲೆಕ್ಕ ಮತ್ತೊಂದು ಥರ. ಮಳೆಹನಿ ಫ್ಲೈ ಮೇಲೆ ಹಾಕುವ ಒತ್ತಡ ಕಡಿಮೆ, ನಮ್ಮ ಮೊಣಕಾಲು ನೆಲದ ಮೇಲೆ ಹಾಕುವುದು ಬಹಳ ಹೆಚ್ಚು. ನೆಲದ ಬಟ್ಟೆಗೆ 3000 ಮಿಲಿಮೀಟರ್ ಎಂದು ಬರೆದಿದ್ದರೆ, ಮೂರು ಮೀಟರ್ ಎತ್ತರದ ನೀರಿನ ಒತ್ತಡವನ್ನು ಅದು ತಡೆದೀತು ಎಂದರ್ಥ. 60 ಕಿಲೋ ತೂಕದವರು ಮಂಡಿಯೂರಿದಾಗ ಆ ಭಾರವೆಲ್ಲ 150 ಚದರ ಸೆಂಟಿಮೀಟರಿನಷ್ಟು ಜಾಗದ ಮೇಲೆ ಬಿತ್ತೆನ್ನಿ, ಅದು ನಾಲ್ಕು ಮೀಟರ್ ನೀರಿಗೆ ಸಮ. ಅಂದರೆ ಹೊಸ ನೆಲವೂ ಮಂಡಿಯ ಕೆಳಗೆ ಜಿನುಗಬಹುದು. ಪರೀಕ್ಷೆ ಸುಲಭ: ನೆಲದ ಕೆಳಗೆ ಒದ್ದೆ ಟವೆಲ್, ಮೇಲೆ ಹಳೆ ಪೇಪರ್ ಇಟ್ಟು ಒಂದು ನಿಮಿಷ ಮಂಡಿಯೂರಿ. ಪೇಪರಿನಲ್ಲಿ ಒದ್ದೆ ಗುರುತು ಮೂಡಿದ ಕಡೆ ಪಾಲಿಯುರಿಥೇನ್ ಲೇಪ ಕೊಡಿ, ಮೂಲೆಗಳ ಹೊಲಿಗೆಗೂ ಬಳಿಯಿರಿ. ಕೆಳಗೆ ಹಾಸಲು ಸಿಲ್ಪಾಲಿನ್ ಸಾಕು, ಆದರೆ ಅದು ಟೆಂಟಿನ ನೆಲಕ್ಕಿಂತ ಎಲ್ಲ ಬದಿಗೂ ನಾಲ್ಕೈದು ಸೆಂಟಿಮೀಟರ್ ಚಿಕ್ಕದಿರಬೇಕು. ಹೊರಗೆ ಚಾಚಿದ ಹಾಸು ಫ್ಲೈಯಿಂದ ಇಳಿದ ನೀರನ್ನೆಲ್ಲ ಹಿಡಿದು ನಿಮ್ಮ ಬೆನ್ನಿನಡಿಗೆ ತಂದು ನಿಲ್ಲಿಸುತ್ತದೆ. ಒಳ್ಳೆಯ ಟೆಂಟುಗಳೂ ಸೋರಿದಂತೆ ಕಾಣುವುದು ಹೆಚ್ಚಾಗಿ ಈ ಕಾರಣಕ್ಕೇ.

ತೋಟದಲ್ಲಿ ಟೆಂಟ್ ಹಾಕುವಾಗ ಸಮತಟ್ಟಿನ ತಗ್ಗನ್ನು ಬಿಟ್ಟು, ಸ್ವಲ್ಪ ಇಳಿಜಾರಿನ ಜಾಗ ಹುಡುಕಿ. ತರಗೆಲೆ ಒಂದೇ ದಿಕ್ಕಿಗೆ ಕೊಚ್ಚಿ ಗುಡ್ಡೆಯಾಗಿದ್ದರೆ ಅದು ನೀರಿನ ದಾರಿ, ಅಲ್ಲಿ ಬೇಡ. ನೆನೆದ ಮಣ್ಣಿನಲ್ಲಿ ಟೆಂಟಿನ ಜೊತೆ ಬರುವ ಸಣ್ಣ ಗೂಟಗಳು ನಿಲ್ಲುವುದಿಲ್ಲ. ಗೇಣುದ್ದದ ಗೂಟ ಒಯ್ಯಿರಿ, ತಲೆ ಟೆಂಟಿನಿಂದ ಆಚೆಗೆ ವಾಲುವಂತೆ ಹೊಡೆದು ಮೇಲೊಂದು ಕಲ್ಲಿಡಿ. ಟೆಂಟಿನ ಚಿಕ್ಕ ಬದಿ ಗಾಳಿಗೆ ಎದುರಾಗಿರಲಿ. ನೈಲಾನ್ ಫ್ಲೈ ನೆನೆದರೆ ಸಡಿಲವಾಗುತ್ತದೆ, ಅರ್ಧ ಗಂಟೆ ಬಿಟ್ಟು ಒಮ್ಮೆ, ಮಲಗುವ ಮುಂಚೆ ಇನ್ನೊಮ್ಮೆ ಹಗ್ಗ ಬಿಗಿಯಿರಿ. ಪಾಲಿಯೆಸ್ಟರಿನಲ್ಲಿ ಈ ಕಾಟ ಕಡಿಮೆ. ಫ್ಲೈಗೂ ಒಳಟೆಂಟಿಗೂ ನಡುವೆ ಎಲ್ಲೆಡೆ ಅಂತರ ಇರಬೇಕು, ಮೇಲಿನ ಗಾಳಿಕಿಂಡಿ ಮಳೆಯಲ್ಲೂ ತೆರೆದಿರಬೇಕು.

ವಾಪಸ್ ಬಂದ ದಿನವೇ, ಬಟ್ಟೆಬರೆ ಒಗೆಯುವುದಕ್ಕೂ ಮೊದಲು, ಟೆಂಟನ್ನು ಬಿಚ್ಚಿ ಮನೆಯೊಳಗೆ ಹಗ್ಗದ ಮೇಲೆ ಹರಡಿ, ಹೊಲಿಗೆಗಳು ಕೂಡ ಪೂರ್ತಿ ಒಣಗಿದ ಮೇಲಷ್ಟೇ ಮಡಚಿ. ಒದ್ದೆಯಾಗಿ ಚೀಲ ಸೇರಿದ ಟೆಂಟಿಗೆ ಮುಂದಿನ ಮೇ ತಿಂಗಳಲ್ಲಿ ಯಾವ ಸೀಲರೂ ಉಪಯೋಗಕ್ಕೆ ಬರುವುದಿಲ್ಲ.