ಹಿಂದಲೆಯ ನೋವಿನ ಮೂಲ

ಪ್ರಶ್ನೆ: ಬಾಚಣಿಗೆ ತಾಗಿದರೂ ಬಲಗಡೆಯ ಹಿಂದಲೆ ಉರಿಯುತ್ತದೆ, ಆಗಾಗ ಮಿಂಚಿನಂತಹ ನೋವು ನೆತ್ತಿಗೇರುತ್ತದೆ. ಎಕ್ಸ್‌ರೇಯಲ್ಲಿ ಕತ್ತಿನ ಮೂಳೆ ಸವೆದಿದೆಯಂತೆ. ಅದೇ ಕಾರಣವೇ?
— ಓದುಗರೊಬ್ಬರು, ಹೊಳೆನರಸೀಪುರ

ಉತ್ತರ: ನಡುವಯಸ್ಸು ದಾಟಿದವರಲ್ಲಿ, ನೋವಿನ ಸುಳಿವೇ ಇಲ್ಲದವರಲ್ಲಿಯೂ, ಇಂತಹ ಸವೆತವು ಸಾಮಾನ್ಯವಾಗಿ ಕಾಣುವುದರಿಂದ, ಆ ಚಿತ್ರವೊಂದನ್ನೇ ನಂಬಿ ತೀರ್ಮಾನಿಸುವುದು ಯುಕ್ತವಲ್ಲ. ಕತ್ತಿನ ಎರಡನೆಯ ನರಮೂಲದಿಂದ ಹೊರಟು, ಸ್ನಾಯುಗಳನ್ನು ಭೇದಿಸಿಕೊಂಡು ನೆತ್ತಿಯವರೆಗೆ ಹರಡುವ ನರವೊಂದುಂಟು. ಅದು ಕೆರಳಿದಾಗ ನೀವು ವರ್ಣಿಸಿರುವಂತೆಯೇ ಕ್ಷಣಮಾತ್ರದ ಚುಚ್ಚುನೋವೂ ಚರ್ಮದ ಅತಿಸ್ಪರ್ಶವೇದನೆಯೂ ಉಂಟಾಗುವುವು. ಇದೇ ಆಕ್ಸಿಪಿಟಲ್ ನ್ಯೂರಾಲ್ಜಿಯ. ಹಿಂದಲೆಯ ಉಬ್ಬಿನಿಂದ ಕಿವಿಯ ಹಿಂದಿನ ಮೂಳೆಯೆಡೆಗೆ ಮೂರನೆಯ ಒಂದು ಪಾಲು ದೂರದಲ್ಲಿ ವೈದ್ಯರು ಬೆರಳಿನಿಂದ ತಟ್ಟಿದರೆ ಆ ಮಿಂಚು ಮರುಕಳಿಸುವುದುಂಟು.

ಕತ್ತಿನ ಕೀಲಿನಿಂದ ಹುಟ್ಟುವ ತಲೆನೋವಿನ ರೀತಿ ಬೇರೆ. ಆಲೂಗೆಡ್ಡೆಯ ಮೂಟೆ ಹೊತ್ತು ದುಡಿದವನು ಕತ್ತು ಹೊರಳಿಸಿದಾಗಲೆಲ್ಲ ಮಂದವಾದ ನೋವು ಒಂದೇ ಪಾರ್ಶ್ವದಲ್ಲಿ ಮೇಲೇರಿ, ಕತ್ತಿನ ನರಗಳೂ ಮುಖದ ನರವೂ ಮಿದುಳುಕಾಂಡದ ಸಮೀಪ ಒಂದೆಡೆ ಕೂಡುವ ಕಾರಣ, ಹಣೆಯಲ್ಲಿಯೂ ಕಣ್ಣಿನ ಹಿಂದೆಯೂ ತೋರಬಹುದು. ಇದಕ್ಕೆ ವ್ಯಾಯಾಮಚಿಕಿತ್ಸೆ ಮೊದಲು.

ನಿಮ್ಮ ವಿಷಯದಲ್ಲಿ ನರದ ಬಳಿ ಅರಿವಳಿಕೆಯ ಚುಚ್ಚುಮದ್ದು ಕೊಟ್ಟು ನೋಡುವರು. ನೋವು ಅಡಗಿದರೆ ನಿದಾನಕ್ಕೆ ಬಲ ಬಂದೀತು, ಆದರೆ ಮೈಗ್ರೇನ್ ಸಹ ಹೀಗೆ ಶಮನವಾಗುವುದರಿಂದ ಅದೊಂದೇ ಸಾಲದು.

ವಯಸ್ಸು 50 ದಾಟಿದ್ದು, ಕಪೋಲದ ಮೇಲ್ಗಡೆ ಕಣತೆಯೂ ನೊಂದು, ಅಗಿಯುವಾಗ ದವಡೆ ಸೋತು, ದೃಷ್ಟಿ ಮಸುಕಾದರೆ ಅದು ರಕ್ತನಾಳದ ಉರಿಯೂತವಿರಬಹುದು. ಕಣ್ಣು ಹೋಗುವ ಭಯವಿರುವುದರಿಂದ ಆ ದಿನವೇ ಹಾಸನದ ದೊಡ್ಡಾಸ್ಪತ್ರೆಗೆ ಹೋಗಿರಿ.